ಗಂಡ ಮ್ಯಾಪಲ್ಲಿ ಲೊಕೇಶನ್ ಆಫ್ ಮಾಡಿದಾರೆ. ಆನ್ ಮಾಡಿ ಅಂತ ಕೇಳೋ ಹಕ್ಕು ನನಗಿದೆಯಾ?

ರಾಜಾಜಿನಗರದ_ಮೈನಾ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಿದ್ದೆ, ಬರೀತಿರೋದು ಮೊದಲ ಸಲ. ಉದ್ದ ಆದ್ರೆ ಬೈಕೋಬೇಡಿ.

ಮದುವೆಯಾಗಿ ನಾಲ್ಕು ವರ್ಷ. ಮೊದಲ ವರ್ಷದ ಮಳೆಗಾಲದಲ್ಲಿ ಒಂದಿನ ಇವರು ಮನೆ ಸೇರಿದಾಗ ರಾತ್ರಿ ಹನ್ನೊಂದೂವರೆ. ಫೋನೂ ಹತ್ತಲಿಲ್ಲ. ನಾನು ಅತ್ತು ರಂಪ ಮಾಡಿದ್ದಕ್ಕೆ ಮಾರನೇ ದಿನ ಇಬ್ಬರೂ ಗೂಗಲ್ ಮ್ಯಾಪಲ್ಲಿ ಲೊಕೇಶನ್ ಹಂಚಿಕೊಂಡ್ವಿ. ಒಂದು ಗಂಟೆ ಅಂತ ಒಂದಿತ್ತು, ಅದರ ಕೆಳಗೆ `Until you turn this off` ಅಂತ ಇನ್ನೊಂದು. ಕೆಳಗಿಂದು ಒತ್ತಿ ಮರೆತ್ವಿ. ಆಮೇಲೆ ಅದರ ಉಪಯೋಗ ಅಂದ್ರೆ ಇವರು ಡೈರಿ ಸರ್ಕಲ್ ದಾಟಿದ್ರೆ ನಾನು ಕುಕ್ಕರ್ ಇಡೋದು, ಅಷ್ಟೇ.

ಜೂನಲ್ಲಿ ಇವರ ಆಫೀಸು ಕೋರಮಂಗಲದಿಂದ ಬೆಳ್ಳಂದೂರಿಗೆ ಶಿಫ್ಟ್ ಆಯ್ತು. ಅದಾದ ಮೊದಲನೇ ವಾರನೇ, ಒಂದು ಮಧ್ಯಾಹ್ನ ಸುಮ್ನೆ ನೋಡಿದ್ರೆ ಚುಕ್ಕಿ ಕೋರಮಂಗಲದಲ್ಲಿ. ಫೋನ್ ಮಾಡಿ "ಎಲ್ಲಿದೀರಾ" ಅಂದೆ. "ಆಫೀಸಲ್ಲಿ" ಅಂದ್ರು. ನಾನು ಮತ್ತೇನೂ ಕೇಳಲಿಲ್ಲ. ಅದೇ ನನ್ನ ತಪ್ಪಿರಬಹುದು. ಮೂರು ವಾರ ದಿನಾ ನೋಡಿದೆ. ಒಂದಿನದ ಲೆಕ್ಕ ಹೇಳ್ತೀನಿ: 3:45ಕ್ಕೆ ಕೋರಮಂಗಲ, 4:10ಕ್ಕೆ ಬೆಳ್ಳಂದೂರು, 4:25ಕ್ಕೆ ಮತ್ತೆ ಕೋರಮಂಗಲ. ಎಲ್ಲದಕ್ಕೂ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಒಟ್ಟು ಇಪ್ಪತ್ಮೂರು.

ಹೋದ ಭಾನುವಾರ ಇವರು ಗ್ಯಾಸ್ ರಸೀದಿ ಫೋಟೋ ಹುಡುಕ್ತಾ ನನ್ನ ಫೋನ್ ತೆಗೆದ್ರು. ಅವು ಸಿಕ್ಕಿದ್ವು. ಒಂದೊಂದೇ ಸರಿಸಿ ನೋಡಿ ಫೋನನ್ನ ಟೇಬಲ್ ಮೇಲೆ ಮಗುಚಿ ಇಟ್ರು. ಜಗಳ ಇಲ್ಲ, ಮಾತಿಲ್ಲ. ಸೋಮವಾರ ಬೆಳಿಗ್ಗೆ ಮ್ಯಾಪಲ್ಲಿ ಇವರ ಮುಖವೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಇಬ್ಬರೂ ಒಪ್ಪಿ ಹಾಕ್ಕೊಂಡಿದ್ದನ್ನ ಒಬ್ಬರೇ ತೆಗೀಬಹುದಾ? ಮುಚ್ಚಿಡೋಕೆ ಏನೂ ಇಲ್ಲದವರು ಆಫ್ ಯಾಕೆ ಮಾಡ್ತಾರೆ?

ಮುದ್ದೆ_ಮಂಜ
ಇಪ್ಪತ್ಮೂರಾ? ನಮ್ಮ ಮದುವೆ ಫೋಟೋನೇ ಅಷ್ಟಿಲ್ಲ.

ಹುಬ್ಬಳ್ಳಿ_ಹುಲಿ
ಅಕ್ಕಾರ, ನೇರ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮನಷ್ಯಾ ಸುಳ್ಳ ಹೇಳ್ತಾನ, ಸೆಟಲೈಟ್ ಹೇಳಂಗಿಲ್ಲ. ಮ್ಯಾಲಿಂದ ನೋಡಿ ತೋರಸ್ತೈತಿ ಅದು. ಹಳೇ ಆಫೀಸ್ ಕಡೆ ದಿನಾ ಹೊಂಟಾರಂದ್ರ ಏನರೆ ಕಾರಣ ಇರಬೇಕು. ಮದ್ಲ ಅದನ್ನ ಕೇಳ್ರಿ, ಆನ್ ಆಫ್ ಆಮ್ಯಾಲೆ.

ನಿವೃತ್ತ_ಮೇಷ್ಟ್ರು
ನಾನು ತೀರ್ಥಹಳ್ಳಿ ಕಡೆ ಮೇಷ್ಟ್ರಾಗಿದ್ದಾಗ ಮನೆಯವಳು ಹಾಸನದಲ್ಲಿ. ಶನಿವಾರ ಕೊನೆ ಬಸ್ ತಪ್ಪಿದರೆ ಭಾನುವಾರ ಬೆಳಿಗ್ಗೆಯೇ ಅವಳಿಗೆ ನನ್ನ ಸುದ್ದಿ. ಎಸ್‌ಟಿಡಿ ಬೂತಿನವನು ಎಂಟಕ್ಕೇ ಬಾಗಿಲು ಹಾಕುತ್ತಿದ್ದ. ಅಷ್ಟು ಹೊತ್ತು ಅವಳು ಹೇಗಿದ್ದಳೋ, ನಾನು ಯಾವತ್ತೂ ಕೇಳಲೇ ಇಲ್ಲ. ಇದನ್ನು ಓದಿದ ಮೇಲೆ ಇವತ್ತು ಕೇಳಿದೆ. "ಈಗ ಕೇಳ್ತೀರಲ್ಲ" ಅಂದಳು.

ಸಿಗ್ನಲ್_ಸೀನ
ಒಂದ್ನಿಮಿಷ. ಮೈನಾ ಅವ್ರೆ, ನೀವು ಕೇಳಿದ್ದು ಹಕ್ಕಿನ ವಿಷಯ, ಅದನ್ನ ಬೇರೆಯವರು ಹೇಳ್ಲಿ. ನನಗೆ ನಿಮ್ಮ ಟೈಮಿಂಗ್ ಮೇಲೆ ಕಣ್ಣು. ಡೆಲಿವರಿ ಆಪ್‌ಗಳಿಗೆ ಲೊಕೇಶನ್ ಕೆಲಸ ಮಾಡೋದೇ ನನ್ನ ಹೊಟ್ಟೆಪಾಡು.

4:10ಕ್ಕೆ ಬೆಳ್ಳಂದೂರು, 4:25ಕ್ಕೆ ಕೋರಮಂಗಲ. ನಡುವೆ ಏಳೆಂಟು ಕಿಲೋಮೀಟರ್, ಇಬ್ಬಲೂರು ಜಂಕ್ಷನ್, ಅಗರ ಸಿಗ್ನಲ್. ಸಾಯಂಕಾಲ ನಾಲ್ಕಕ್ಕೆ ಹದಿನೈದು ನಿಮಿಷದಲ್ಲಿ ಅದನ್ನ ದಾಟಿದವರಿದ್ರೆ ಅವರಿಗೆ ಸನ್ಮಾನ ಮಾಡಬೇಕು. ಒಂದು ಕೇಳ್ತೀನಿ: ಮೂರು ವಾರದಲ್ಲಿ ಒಂದು ಸಲನಾದ್ರೂ ಚುಕ್ಕಿ ಅಗರದಲ್ಲೋ ಇಬ್ಬಲೂರಲ್ಲೋ ಇದ್ದಿದ್ದು ನೋಡಿದೀರಾ? ದಾರಿಯಲ್ಲಿ?

ರಾಜಾಜಿನಗರದ_ಮೈನಾ
@ಸಿಗ್ನಲ್_ಸೀನ ಮಧ್ಯಾಹ್ನ ಹೊತ್ತಲ್ಲಿ ಇಲ್ಲ. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ ಮಾತ್ರ ದಾರಿಯಲ್ಲಿ ಕಾಣ್ತಿತ್ತು. ಮಧ್ಯಾಹ್ನ ಇಲ್ಲೊಂದ್ಸಲ, ಅಲ್ಲೊಂದ್ಸಲ.

ಸಿಗ್ನಲ್_ಸೀನ
ಹಾಗಾದ್ರೆ ನಿಮ್ಮ ಯಜಮಾನ್ರು ಎಲ್ಲೂ ಹೋಗಿಲ್ಲ. ಅವರ ಆಫೀಸಿನ ವೈಫೈ ಡಬ್ಬಿಗಳು ಹೋಗಿವೆ.

ಹುಲಿ ಸರ್, ಸೆಟಲೈಟ್ ಯಾರನ್ನೂ ನೋಡಲ್ಲ. ಅದು ಸುಮ್ನೆ ಸಿಗ್ನಲ್ ಬಿಡುತ್ತೆ, ಅದನ್ನ ಕೇಳಿಸ್ಕೊಂಡು ಲೆಕ್ಕ ಹಾಕೋದು ಫೋನು. ಗಾಜು ಕಾಂಕ್ರೀಟಿನ ಕಟ್ಟಡದೊಳಗೆ ಆ ಸಿಗ್ನಲ್ ಸರಿಯಾಗಿ ಬರಲ್ಲ. ಆಗ ಫೋನು ಬೇರೆ ದಾರಿ ಹಿಡಿಯುತ್ತೆ. ಸುತ್ತಮುತ್ತ ಯಾವ ಯಾವ ವೈಫೈ ರೂಟರ್ ಇದೆ ಅಂತ ನೋಡಿ, ಅವುಗಳ ನಂಬರ್ ಗೂಗಲ್‌ಗೆ ಕಳಿಸಿ, "ಇವು ಎಲ್ಲಿರೋವು" ಅಂತ ಕೇಳುತ್ತೆ. ಯಾವ ರೂಟರ್ ಎಲ್ಲಿದೆ ಅನ್ನೋ ಡೈರಿ ಗೂಗಲ್ ಹತ್ರ ಇದೆ. ಆ ಡೈರಿ ಬರೆದಿದ್ದು ನಮ್ಮ ನಿಮ್ಮಂಥವರ ಫೋನುಗಳೇ, ಹಾದಿ ಮೇಲೆ ಓಡಾಡ್ತಾ.

ಆಫೀಸ್ ಶಿಫ್ಟ್ ಮಾಡುವಾಗ ಮೇಜು ಕುರ್ಚಿ ಜೊತೆ ಸೀಲಿಂಗ್‌ನಲ್ಲಿದ್ದ ರೂಟರ್‌ಗಳನ್ನೂ ಬಿಚ್ಚಿಕೊಂಡು ಹೋಗ್ತಾರೆ. ಹೊಸ ಜಾಗದಲ್ಲಿ ಹಾಕ್ತಾರೆ. ಡೈರಿಯಲ್ಲಿ ಇನ್ನೂ ಕೋರಮಂಗಲ ಅಂತಲೇ ಇದೆ. ಹಾಗಾಗಿ ಸೀಟಲ್ಲಿ ಕೂತಾಗ ಕೋರಮಂಗಲ, ನಾಲ್ಕಕ್ಕೆ ಟೀ ಕುಡಿಯೋಕೆ ಹೊರಗೆ ಬಂದಾಗ ಆಕಾಶ ಸಿಕ್ಕಿ ಬೆಳ್ಳಂದೂರು, ವಾಪಸ್ ಒಳಗೆ ಹೋದ್ರೆ ಮತ್ತೆ ಕೋರಮಂಗಲ. ನಿಮ್ಮ 4:10 ಏನು ಅಂತ ಕೇಳಿದ್ರೆ ಟೀ ಬ್ರೇಕ್ ಅಂತ ಪಂಥ ಕಟ್ತೀನಿ.

ಇದರಲ್ಲಿ ಮೋಸ ಏನಂದ್ರೆ, ಟವರ್‌ನಿಂದ ಅಂದಾಜು ಮಾಡಿದಾಗ ನಮ್ಮ ಫೋನಲ್ಲಿ ಚುಕ್ಕಿ ಸುತ್ತ ದೊಡ್ಡ ನೀಲಿ ವೃತ್ತ ಬರುತ್ತೆ, ಗ್ಯಾರಂಟಿ ಇಲ್ಲ ಅಂತ ಗೊತ್ತಾಗುತ್ತೆ. ವೈಫೈ ತಪ್ಪಿದಾಗ ವೃತ್ತ ಚಿಕ್ಕದೇ ಇರುತ್ತೆ. ಎದೆ ತಟ್ಟಿ ತಪ್ಪು ಹೇಳುತ್ತೆ.

ಹುಬ್ಬಳ್ಳಿ_ಹುಲಿ
ಇದು ಗೊತ್ತಿರಲಿಲ್ಲ. ಆದ್ರೂ ಸೀನಣ್ಣಾರ, ಬರೇ ಊಹಾ ಮ್ಯಾಲೆ ಕ್ಲೀನ್ ಚಿಟ್ ಕೊಡಾಕತ್ತೀರಿ.

ಸಿಗ್ನಲ್_ಸೀನ
ಒಪ್ಪಿದೆ, ಊಹೆನೇ. ಪರೀಕ್ಷೆ ಸುಲಭ. ಅದೇ ಆಫೀಸಿನ ಇನ್ನೊಬ್ಬರು ಸೀಟಲ್ಲಿ ಕೂತು ಮ್ಯಾಪ್ ತೆಗೀಲಿ. ರೂಟರ್ ಕಾರಣ ಆಗಿದ್ರೆ ಅವರ ಚುಕ್ಕಿಯೂ ಕೋರಮಂಗಲದಲ್ಲಿ ಬೀಳುತ್ತೆ. ಇನ್ನೊಂದು, ಇವರೇ ಲೊಕೇಶನ್ ಸೆಟ್ಟಿಂಗಲ್ಲಿ `Wi-Fi scanning` ಮತ್ತು ವೈಫೈ ಎರಡನ್ನೂ ಆಫ್ ಮಾಡಿ ಕಿಟಕಿ ಪಕ್ಕ ಎರಡು ನಿಮಿಷ ನಿಂತ್ರೆ ಚುಕ್ಕಿ ಬೆಳ್ಳಂದೂರಿಗೆ ಬರಬೇಕು. ಡೈರಿ ತಾನಾಗೇ ಸರಿಹೋಗುತ್ತೆ, ಆದ್ರೆ ಯಾವಾಗ ಅಂತ ಹೇಳಕ್ಕಾಗಲ್ಲ. ಡೈರಿಯಲ್ಲಿ ಹೆಸರೇ ಬೇಡ ಅನ್ನೋರು ವೈಫೈ ಹೆಸರಿನ ಕೊನೆಗೆ `_nomap` ಅಂತ ಸೇರಿಸಿದ್ರೆ ಗೂಗಲ್ ಅದನ್ನ ಬಿಟ್ಟುಬಿಡುತ್ತೆ. ಅದು ಆಫೀಸಿನವರು ಮಾಡಬೇಕಾದ್ದು.

ಶಿವಮೊಗ್ಗ_ಗೋಪಾಲ
ಸೀನ ಸರ್, ನನ್ನ ಫೋನ್ ಹೋದ ತಿಂಗಳು ಬಸ್ಸಲ್ಲಿ ಕಳುವಾಗಿದೆ. ಅದು ಭದ್ರಾವತಿ ಬಸ್ ಸ್ಟಾಂಡ್ ಅಂತ ತೋರಿಸ್ತಾನೇ ಇದೆ. ಹೋಗಿ ಹುಡುಕಲಾ?

ಸಿಗ್ನಲ್_ಸೀನ
ಗೋಪಾಲ್ ಸರ್, ಅದರ ಕೆಳಗೆ ಕೊನೇ ಸಲ ಯಾವಾಗ ಕಂಡಿದ್ದು ಅಂತ ಬರೆದಿರುತ್ತೆ ನೋಡಿ. ಹೋದ ತಿಂಗಳ ತಾರೀಖಿದ್ರೆ ಅದು ಸ್ವಿಚ್ ಆಫ್ ಆದ ಜಾಗ, ಈಗಿರೋ ಜಾಗ ಅಲ್ಲ. ಭದ್ರಾವತಿಗೆ ಹೋಗಬೇಡಿ, ಪೊಲೀಸ್ ಕಂಪ್ಲೇಂಟ್ ಕೊಡಿ.

ತುಮಕೂರು_ಸೊಸೆ
ಮೈನಾ ಅಕ್ಕ, ನಿಮ್ಮವರು ಆಫ್ ಮಾಡಿದ್ದಕ್ಕೆ ನಿಮಗೆ ಬೇಜಾರು. ನನಗೆ ಆಫ್ ಮಾಡೋ ಧೈರ್ಯವೇ ಇಲ್ಲ. ನನ್ನ ಗಂಡ ನೋಡ್ತಾರೋ ಬಿಡ್ತಾರೋ ಗೊತ್ತಿಲ್ಲ, ಅತ್ತೆ ಮಾತ್ರ ಅವರ ಫೋನ್ ಇಸ್ಕೊಂಡು ನೋಡ್ತಾರೆ. ಮನೆಗೆ ಬಂದ ತಕ್ಷಣ "ಟೈಲರ್ ಅಂಗಡೀಲಿ ನಲವತ್ತು ನಿಮಿಷ ಏನು ಹೊಲಿಸ್ತಿದ್ದೆ" ಅಂತಾರೆ. ಹೋದ ವಾರ ಫೋನ್ ಎತ್ತಲಿಲ್ಲ ಅಂದಿದ್ದಕ್ಕೆ "ಚಾರ್ಜು 41 ಇತ್ತಲ್ಲ" ಅಂದ್ರು. ಬ್ಯಾಟರಿ ಎಷ್ಟಿದೆ ಅಂತನೂ ಕಾಣುತ್ತೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಹಂಚಿಕೊಂಡಿದ್ದು ಗಂಡನ ಜೊತೆ. ನೋಡ್ತಿರೋದು ಇಡೀ ಮನೆ.

ಕರಾವಳಿ_ನರ್ಸ್
ಇದು ಮರ್ರೆ ವಿಷಯ. ಆನಾ ಆಫಾ ಅಂತ ಎಲ್ಲರೂ ಕೇಳ್ತಾರೆ, ಯಾರು ನೋಡ್ತಾರೆ ಅಂತ ಯಾರೂ ಕೇಳುದಿಲ್ಲ. ನನ್ನದು ಮಂಗಳೂರಲ್ಲಿ ನೈಟ್ ಡ್ಯೂಟಿ. ಎರಡು ಗಂಟೆಗೆ ಡ್ಯೂಟಿ ಬಿಟ್ಟು ಸ್ಕೂಟರಲ್ಲಿ ಬರುವಾಗ ಅವರು ನನ್ನ ಚುಕ್ಕಿ ನೋಡ್ತಾ ಕೂತಿರ್ತಾರೆ. ನನಗೆ ಅದು ಬೇಕು. ಆದರೆ ವಾಟ್ಸಪ್‌ನಲ್ಲಿ ಒಂದು ಗಂಟೆಗೆ ಮಾತ್ರ ಕಳಿಸುದು. ಮನೆ ಮುಟ್ಟಿದ ಮೇಲೆ ಅದು ತನ್ನಷ್ಟಕ್ಕೆ ನಿಲ್ತದೆ. ಹಗಲು ನಾನು ಎಲ್ಲಿದ್ದೇನೆ ಅಂತ ಅವರಿಗೆ ಬೇಕಾದರೆ ಫೋನ್ ಮಾಡಿ ಕೇಳಲಿ. ಕೇಳುದರಲ್ಲಿ ಒಂದು ಮರ್ಯಾದೆ ಉಂಟು.

ಡಲ್ಲಾಸ್_ಗೌಡ
ನಮ್ಮನೇಲಿ ಎಂಟು ವರ್ಷದಿಂದ ಇಬ್ಬರದ್ದೂ ಯಾವಾಗಲೂ ಆನ್. ಇಲ್ಲಿ ಎಲ್ಲಾ ಕಾರಲ್ಲೇ ಓಡಾಟ, ಮಂಜು ಬಿದ್ದ ದಿನ ಹೈವೇಲಿ ಯಾರಾದ್ರೂ ಸಿಕ್ಕಾಕೊಂಡ್ರೆ ಎಲ್ಲಿ ಅಂತ ಹೇಳೋಕೂ ಆಗಲ್ಲ. ಒಂದು ಜಗಳನೂ ಆಗಿಲ್ಲ. ಮುಚ್ಚಿಡೋಕೆ ಏನಿಲ್ಲ ಅಂದ್ರೆ ಆನ್ ಇರ್ಲಿ ಬಿಡಿ, ಏನ್ ನಷ್ಟ?

ಕರಾವಳಿ_ನರ್ಸ್
@ಡಲ್ಲಾಸ್_ಗೌಡ ನಿಮ್ಮ ಹೆಂಡತಿಯವರ ಹತ್ರವೂ ಕೇಳಿ ಬರೆದದ್ದಾ ಇದು?

ಡಲ್ಲಾಸ್_ಗೌಡ
ಕೇಳ್ದೆ. "ನಿಮ್ಮ ಹುಟ್ಟುಹಬ್ಬಕ್ಕೆ ಕೇಕ್ ತರೋಕೆ ಹೋದಾಗ ಫೋನ್ ಮನೇಲಿ ಬಿಟ್ಟು ಹೋಗ್ತೀನಿ" ಅಂದ್ಳು. ಎಂಟು ವರ್ಷದಿಂದ ಪ್ರತಿ ಸಲ. ನನಗೆ ಗೊತ್ತೇ ಇರ್ಲಿಲ್ಲ.

ಮುದ್ದೆ_ಮಂಜ
ಗೌಡ್ರೇ, ಕೇಕ್‌ಗೆ ಮಾತ್ರಾನಾ ಅಂತ ಕೇಳಿದ್ರಾ 😂

ಹುಬ್ಬಳ್ಳಿ_ಹುಲಿ
ಕಾನೂನು ಪ್ರಕಾರ ನೋಡಿದ್ರ ಮೈನಾ ಅಕ್ಕಾರದ್ದ ತಪ್ಪು. 2017ರಾಗ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳೇತಿ. ಪುಟ್ಟಸ್ವಾಮಿ ಅವರು, ನಮ್ಮ ಕರ್ನಾಟಕದ ಹೈಕೋರ್ಟ್ ಜಡ್ಜ್ ಆಗಿದ್ದವರ ಕೇಸು ಅದು. ಅಂದಮ್ಯಾಲೆ ಗಂಡನ ಲೊಕೇಶನ್ ನೋಡೂದು ಅಪರಾಧ ಆತಲ್ಲ.

ವಕೀಲಮ್ಮ
ಹುಲಿಯವರೇ, ಬೆಳಿಗ್ಗೆ ಗಂಡ ಸುಳ್ಳುಗಾರ ಅಂದ್ರಿ, ಮಧ್ಯಾಹ್ನಕ್ಕೆ ಹೆಂಡತಿ ಅಪರಾಧಿ ಅಂತೀರಿ. ಸಂಜೆಗೆ ಯಾರು?

ತೀರ್ಪು ಸರಿ, ಅರ್ಧ ಸರಿ. ಅದು ಮುಖ್ಯವಾಗಿ ಸರ್ಕಾರದ ಎದುರು ಪ್ರಜೆಗಿರೋ ಹಕ್ಕು. ಅವರೇ ಒತ್ತಿ ಹಂಚಿಕೊಂಡ ಲೊಕೇಶನ್ ನೋಡಿದ್ದು ಅಪರಾಧ ಆಗಲ್ಲ. ಆಫ್ ಮಾಡಿದ ಮೇಲೆ ಗೊತ್ತಿಲ್ಲದ ಹಾಗೆ ಫೋನಿಗೆ ಏನಾದ್ರೂ ಹಾಕಿ ನೋಡಿದ್ರೆ ಅದು ಬೇರೆ ಕಥೆ. ಮೈನಾ ಅವರು ಆ ಕಡೆ ಹೆಜ್ಜೆ ಇಟ್ಟಿಲ್ಲ, ಇಡಬೇಡಿ.

ಫ್ಯಾಮಿಲಿ ಕೋರ್ಟಲ್ಲಿ ಈ ಲೊಕೇಶನ್ ಜಗಳ ದಿನಾ ನೋಡ್ತೀನಿ. 2022ರಲ್ಲಿ ನಮ್ಮ ಹೈಕೋರ್ಟಿಗೆ ಇಂಥದ್ದೇ ಒಂದು ಬಂದಿತ್ತು. ಹೆಂಡತಿಗೆ ಸಂಬಂಧ ಇದೆ ಅಂತ ಗಂಡನ ಆರೋಪ, ಅದನ್ನ ಸಾಬೀತು ಮಾಡೋಕೆ ಆ ಮೂರನೇ ವ್ಯಕ್ತಿಯ ಮೊಬೈಲ್ ಟವರ್ ದಾಖಲೆ ಕೊಡಿಸಿ ಅಂದ. ಕೆಳಗಿನ ಕೋರ್ಟ್ ಒಪ್ಪಿತ್ತು. ಹೈಕೋರ್ಟ್ ಅದನ್ನ ರದ್ದು ಮಾಡ್ತು, ನಿಮ್ಮ ಗಂಡ ಹೆಂಡತಿ ಜಗಳಕ್ಕೆ ಹೊರಗಿನವನ ಖಾಸಗಿತನ ಬಲಿ ಕೊಡಕ್ಕಾಗಲ್ಲ ಅಂತ. ಹಾಗಂತ ಖಾಸಗಿತನದ ಹೆಸರಲ್ಲಿ ಕೋರ್ಟ್ ಎಲ್ಲವನ್ನೂ ಬಾಗಿಲಲ್ಲೇ ತಡೆಯುತ್ತೆ ಅಂತಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನಾಗರತ್ನ ಮೇಡಂ ಇದ್ದ ಪೀಠ, ಗಂಡ ಕದ್ದು ರೆಕಾರ್ಡ್ ಮಾಡಿದ ಹೆಂಡತಿಯ ಮಾತನ್ನ ವಿಚ್ಛೇದನ ಕೇಸಲ್ಲಿ ಸಾಕ್ಷಿಯಾಗಿ ತಗೋಬಹುದು ಅಂತ ಹೇಳ್ತು. ಒಬ್ಬರ ಮೇಲೊಬ್ಬರು ಕಣ್ಣಿಡೋ ಹಂತಕ್ಕೆ ಬಂದಿದ್ರೆ ಆ ಸಂಸಾರ ಆಗಲೇ ಮುರಿದಿದೆ ಅನ್ನೋ ಅರ್ಥದ ಮಾತೂ ಅದರಲ್ಲೇ ಇದೆ. ಕಕ್ಷಿದಾರರು ಮೊದಲರ್ಧ ಮಾತ್ರ ಓದ್ಕೊಂಡು ಬರ್ತಾರೆ.

ತುಮಕೂರಿನವರೇ, ನಿಮ್ಮದು ನನಗೆ ಜಾಸ್ತಿ ಯೋಚನೆ. ಮನೇಲಿ ಇನ್ನೇನಾದ್ರೂ ತೊಂದರೆ ಇದ್ರೆ 181ಕ್ಕೆ ಫೋನ್ ಮಾಡಿ, ಮಹಿಳಾ ಸಹಾಯವಾಣಿ. ಬೇರೆಯವರ ಫೋನಿಂದ ಮಾಡಿ.

ತುಮಕೂರು_ಸೊಸೆ
ಹೊಡೆತ ಬಡಿತ ಏನಿಲ್ಲ ಮೇಡಂ. ಬರೀ ಪ್ರಶ್ನೆ. ಮ್ಯಾಪಲ್ಲಿ ಆಫ್ ಮಾಡಿದ್ರೆ ಸಾಕಲ್ವಾ?

ಸಿಗ್ನಲ್_ಸೀನ
ಸಾಕಾಗದೇ ಇರಬಹುದು. ನಿಮ್ಮ ಫೋನ್ ಮೊದಲು ಸೆಟಪ್ ಮಾಡಿದ್ದು ಯಾರು? ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಅಂತ ನೋಡಿ. ಅಲ್ಲಿ ನಿಮ್ಮವರ ಜಿಮೇಲ್ ಕೂಡ ಇದ್ರೆ, ಮ್ಯಾಪಲ್ಲಿ ಏನೂ ಹಂಚದಿದ್ರೂ ಕಳೆದ ಫೋನ್ ಹುಡುಕೋ ಜಾಗದಲ್ಲಿ ಅವರಿಗೆ ನಿಮ್ಮ ಫೋನ್ ಕಾಣುತ್ತೆ. ಅಥವಾ ನಿಮ್ಮ ಜಿಮೇಲ್ ಅವರ ಲ್ಯಾಪ್‌ಟಾಪಲ್ಲಿ ತೆರೆದಿದ್ರೂ ಅಷ್ಟೇ. ನೋಡಿ, ಆದ್ರೆ ತಕ್ಷಣ ಅಳಿಸಬೇಡಿ. ಅಳಿಸಿದ್ದು ಅವರಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಮನೇಲಿ ಏನಾಗುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತಿರೋದು.

ತುಮಕೂರು_ಸೊಸೆ
ಅಂಗಡೀಲೇ ಅವರೇ ಹಾಕ್ಕೊಟ್ಟಿದ್ದು. ಎರಡು ಜಿಮೇಲ್ ಇದೆ. ಒಂದು ಅವರದು.

ನಿವೃತ್ತ_ಮೇಷ್ಟ್ರು
ಮಗಳೇ, ಮೊದಲು ಗಂಡನ ಹತ್ತಿರ ಅತ್ತೆಯ ವಿಷಯ ಮಾತ್ರ ಎತ್ತು. ಜಿಮೇಲ್ ಆಮೇಲೆ.

ರಾಜಾಜಿನಗರದ_ಮೈನಾ
ಅಪ್‌ಡೇಟ್. ಸೀನ ಅವರು ಹೇಳಿದ ಪರೀಕ್ಷೆ ಮಾಡ್ದೆ. ಇವರ ಟೀಮಿನವರೊಬ್ಬರ ಹೆಂಡತಿ ನನಗೆ ಪರಿಚಯ, ಅವರಲ್ಲೂ ಲೊಕೇಶನ್ ಇದೆ. ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ. ಬಿದ್ದು ಬಿದ್ದು ನಕ್ಕರು. "ಅಯ್ಯೋ ನಮ್ಮವರೂ ದಿನಾ ಕೋರಮಂಗಲದಲ್ಲೇ ಇರ್ತಾರೆ, ಇನ್ನೂ ಖಾಲಿ ಮಾಡಿಲ್ಲ ಅಂತ ರೇಗಿಸ್ತೀನಿ" ಅಂದ್ರು. ನನಗೆ ಅಳು ಬಂತು.

ವಕೀಲಮ್ಮ
ಸಮಾಧಾನ ಆಯ್ತು. ಆದ್ರೆ ಒಂದು ಬೈಗುಳ ತಿನ್ನಿ. ಮೂರು ವಾರ ಗಂಡನನ್ನ ಕೇಳದೆ ನೋಡಿದ್ರಿ, ಈಗ ಗಂಡನನ್ನ ಕೇಳದೆ ಇನ್ನೊಬ್ಬರ ಹೆಂಡತಿಯನ್ನ ಕೇಳಿದ್ರಿ. ಎರಡೂ ಒಂದೇ ಅಲ್ವಾ?

ಡಲ್ಲಾಸ್_ಗೌಡ
ಪಾಪ, ಬಿಡಿ ಮೇಡಂ. ನಿಜ ಗೊತ್ತಾಯ್ತಲ್ಲ.

ಕರಾವಳಿ_ನರ್ಸ್
ಚುಕ್ಕಿಯ ನಿಜ ಗೊತ್ತಾಯ್ತು. ಒಂದು ವೇಳೆ ಅವರು ನಿಜವಾಗಿ ಕೋರಮಂಗಲಕ್ಕೆ ಹೋಗಿದ್ದರೂ, ಹಳೇ ಹೋಟೆಲಿನ ದೋಸೆ ತಿನ್ನಲಿಕ್ಕೆ ಹೋಗಿದ್ದರೂ ಅವರು ಇವರಿಗೆ ಹೇಳಬೇಕಿತ್ತಾ? ನನಗೆ ಅದು ಇನ್ನೂ ಗೊತ್ತಾಗಲಿಲ್ಲ.

ಹುಬ್ಬಳ್ಳಿ_ಹುಲಿ
ದ್ವಾಸಿಗೆ ಹ್ವಾದ್ರ ಪಾರ್ಸೆಲ್ ತರಬೇಕಾಗಿತ್ತು. ಅದು ಕಾನೂನು.

ರಾಜಾಜಿನಗರದ_ಮೈನಾ
ರಾತ್ರಿ ಊಟ ಆದ್ಮೇಲೆ ಎಲ್ಲ ಹೇಳ್ಬಿಟ್ಟೆ. ವೈಫೈ, ಡೈರಿ, ಗೆಳತಿ ಹತ್ರ ಕೇಳಿದ್ದು, ಇಲ್ಲಿ ಬರೆದಿದ್ದು ಕೂಡ.

ಚುಕ್ಕಿ ತಪ್ಪು ತೋರಿಸೋದು ಇವರಿಗೆ ಮೊದಲೇ ಗೊತ್ತಿತ್ತು. ಶಿಫ್ಟ್ ಆದ ವಾರ ಕ್ಯಾಬ್ ಬುಕ್ ಮಾಡಿದ್ರೆ ಡ್ರೈವರ್ ಹಳೇ ಆಫೀಸ್ ಗೇಟಿಗೆ ಹೋಗಿ ಫೋನ್ ಮಾಡ್ತಿದ್ನಂತೆ. "ಆವತ್ತು ಊಟಕ್ಕೆ ಕೂತಾಗ ನಿನಗೆ ಹೇಳಿದ್ನಲ್ಲ, ಎರಡು ಸಲ ಕ್ಯಾನ್ಸಲ್ ದುಡ್ಡು ಹೋಯ್ತು ಅಂತ" ಅಂದ್ರು. ಹೇಳಿದ್ರು. ನನಗೆ ನೆನಪಿದೆ. ನಾನು ಕೇಳಿಸ್ಕೊಂಡೆ, ಆದ್ರೆ ಅದನ್ನ ಇದಕ್ಕೆ ತಾಳೆ ಹಾಕಲೇ ಇಲ್ಲ.

ಹಾಗಾದ್ರೆ ಮತ್ತೆ ಆನ್ ಮಾಡ್ತೀರಾ ಅಂದೆ. ಇಲ್ಲ ಅಂದ್ರು. ಕೋಪದಲ್ಲಿ ಅಲ್ಲ. "ನೀನು ನೋಡ್ತೀಯ ಅಂತ ನನಗೆ ಯಾವತ್ತೂ ಬೇಜಾರಿರಲಿಲ್ಲ. ಆ ಮೂರು ವಾರ ನಾನು ದಿನಾ ಮನೆಗೆ ಬಂದು ನಿನ್ನ ಜೊತೆ ಕೂತು ಊಟ ಮಾಡಿದೀನಿ, ನೀನು ಮನಸ್ಸಲ್ಲಿ ಲೆಕ್ಕ ಬರ್ಕೋತಿದ್ದೆ. ಈಗ ಆನ್ ಮಾಡಿದ್ರೆ ಟೀ ಕುಡಿಯೋಕೆ ಎದ್ದಾಗಲೂ ನನಗೆ ಅದೇ ನೆನಪಾಗುತ್ತೆ" ಅಂದ್ರು. ಮನೆಗೆ ಹೊರಟಾಗ ವಾಟ್ಸಪ್‌ನಲ್ಲಿ ಒಂದು ಗಂಟೆದು ಕಳಿಸ್ತಾರಂತೆ, ನರ್ಸ್ ಅವರು ಹೇಳಿದ ಹಾಗೆ.

ನನ್ನದು ಅವರಿಗೆ ಇನ್ನೂ ಆನ್ ಇದೆ. ಆಫ್ ಮಾಡಿದ್ರೆ ಸೇಡು ಅನ್ಸುತ್ತೆ, ಬಿಟ್ರೆ ಏನೋ ಒಂಥರಾ.

ಸಿಗ್ನಲ್_ಸೀನ
ಅವರು ನಿಮ್ಮದನ್ನ ನೋಡ್ತಾರಾ ಅಂತ ಮ್ಯಾಪ್ ಯಾವತ್ತೂ ಹೇಳಲ್ಲ. ಅವರನ್ನೇ ಕೇಳಬೇಕು.

ರಾಜಾಜಿನಗರದ_ಮೈನಾ
ಕೇಳಿದೆ. ನಾಲ್ಕು ವರ್ಷದಲ್ಲಿ ಎರಡು ಸಲವಂತೆ. ಎರಡೂ ಸಲ ನಾನು ತವರಿಗೆ ಹೋಗಿ ಬರೋ ಟ್ರೈನ್ ಲೇಟಾಗಿದ್ದಾಗ.

ಇವತ್ತು 7:12ಕ್ಕೆ ಮೊದಲ ಲೊಕೇಶನ್ ಬಂತು. ಕುಕ್ಕರ್‌ಗೆ ಅಕ್ಕಿ ಹಾಕಿ ಕೂತಿದ್ದೆ. 8:12ಕ್ಕೆ ಒಂದು ಗಂಟೆ ಮುಗಿದು ಕಟ್ ಆಯ್ತು. ಆಗಿನ್ನೂ ಇವರು ಸಿಲ್ಕ್ ಬೋರ್ಡಲ್ಲೇ.

ಮುದ್ದೆ_ಮಂಜ
ಬೆಂಗಳೂರಿಗೆ ಒಂದು ಗಂಟೆ ಎಲ್ಲಿ ಸಾಕಾಗುತ್ತೆ ಅಕ್ಕ. ಅದರಲ್ಲಿ ಮುಂದಿನದು ಎಂಟು ಗಂಟೆ, ಅದನ್ನ ಕಳಿಸೋಕೆ ಹೇಳಿ.

ಕರಾವಳಿ_ನರ್ಸ್
ಬೇಡ. ಫೋನ್ ಮಾಡಿ ಕೇಳಿ, ಎಲ್ಲಿದ್ದೀರಿ ಅಂತ.

ರಾಜಾಜಿನಗರದ_ಮೈನಾ
ಮಾಡ್ದೆ. "ಡೈರಿ ಸರ್ಕಲ್ ದಾಟಿದ್ಮೇಲೆ ನಾನೇ ಹೇಳ್ತೀನಿ, ಆಗ ಇಡು" ಅಂದ್ರು.